ಹೆಸರು ಗೊತ್ತಿಲ್ಲದ ಬಿಳಿ ಕನೆಕ್ಟರ್ ಗುರುತಿಸುವುದು ಹೇಗೆ? ಎಸ್.ಪಿ. ರಸ್ತೆಯ ಮಳಿಗೆಯೊಂದರಲ್ಲಿ ಕಂಡ ಕ್ರಮ

ಸ್ಪೀಕರ್, ಚಾರ್ಜಿಂಗ್ ಫ್ಯಾನ್, ಎಮರ್ಜೆನ್ಸಿ ಲೈಟ್ ಬಿಚ್ಚಿದವರೆಲ್ಲ ಸಿಕ್ಕಿಬೀಳುವುದು ಒಂದೇ ಕಡೆ: ಬ್ಯಾಟರಿ ವೈರಿನ ತುದಿಯಲ್ಲಿರುವ ಆ ಚಿಕ್ಕ ಬಿಳಿ ಕನೆಕ್ಟರ್. ಅಂಗಡಿಗೆ ಹೋಗಿ "ಜೆಎಸ್‌ಟಿ ಕೊಡಿ" ಎಂದು ಕೇಳುತ್ತಾರೆ, ಕೊಟ್ಟದ್ದನ್ನು ತರುತ್ತಾರೆ, ಮನೆಯಲ್ಲಿ ಅದು ಕೂರುವುದಿಲ್ಲ. ಮತ್ತೆ ಹೋಗಿ ಇನ್ನೊಂದು ತರುತ್ತಾರೆ. ಅದು ಕೂರುತ್ತದೆ, ಆದರೆ ಪ್ಲಸ್ ಮೈನಸ್ ಅದಲು ಬದಲಾಗಿ ಬೋರ್ಡು ಸುಡುತ್ತದೆ.

ಎರಡಕ್ಕೂ ಕಾರಣ ಕ್ರಮ ತಪ್ಪಿದ್ದು. ಹೆಸರು ಮೊದಲು ಹುಡುಕುತ್ತಾರೆ, ಅಳತೆ ಆಮೇಲೆ ನೋಡುತ್ತಾರೆ, ಧ್ರುವ ನೋಡುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಯಲ್ಲಿ ಬಿಡಿಭಾಗದ ಪುಟ್ಟ ಮಳಿಗೆ ಇಟ್ಟಿರುವ ಒಬ್ಬರು, ವಸ್ತುವನ್ನು ಕಣ್ಣಿಂದ ನೋಡದೆಯೇ, ಗಿರಾಕಿಯ ಅರೆಬರೆ ಮಾತಿನಿಂದ ಸರಿಯಾದ ಕನೆಕ್ಟರ್ ತೆಗೆದುಕೊಟ್ಟ ಕತೆ ಇಲ್ಲಿದೆ. ಅವರು ಪ್ರಶ್ನೆ ಕೇಳಿದ ಕ್ರಮವನ್ನೇ ಹಂತಗಳಾಗಿ ಬರೆದಿದ್ದೇನೆ.

## ಮೊದಲು ಕೈಗೆ ಬೇಕಾದವು

ಮಿಲಿಮೀಟರ್ ಗೆರೆ ಸ್ಪಷ್ಟವಾಗಿರುವ ಸ್ಕೇಲು, ಕ್ಯಾಮೆರಾ ಇರುವ ಫೋನು, ಮಲ್ಟಿಮೀಟರ್, ಇನ್ಸುಲೇಷನ್ ಟೇಪು, ತೆಳುವಾದ ಸೂಜಿ. ಕೊನೆಯ ಹಂತಕ್ಕೆ ಸೋಲ್ಡರಿಂಗ್ ಐರನ್, ಸೋಲ್ಡರ್ ಮತ್ತು ಬಿಸಿಗೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಹೀಟ್ ಶ್ರಿಂಕ್ ಸ್ಲೀವ್. ವರ್ನಿಯರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮಲ್ಟಿಮೀಟರ್ ಇಲ್ಲದೆ ಮಾತ್ರ 6ನೇ ಹಂತ ದಾಟಬೇಡಿ.

ಬ್ಯಾಟರಿಯ ವೈರು ತುಂಡಾಗಿ ತಾಮ್ರ ಹೊರಗೆ ಕಾಣುತ್ತಿದ್ದರೆ, ಬೇರೆ ಯಾವ ಕೆಲಸಕ್ಕೂ ಮುಂಚೆ ಒಂದೊಂದು ತುದಿಗೂ ಪ್ರತ್ಯೇಕವಾಗಿ ಟೇಪು ಸುತ್ತಿ. ಲಿಥಿಯಂ ಬ್ಯಾಟರಿಯ ಎರಡು ತುದಿಗಳು ಒಂದಕ್ಕೊಂದು ತಾಗಿದರೆ ವೈರು ಕ್ಷಣದಲ್ಲಿ ಕೆಂಪಗೆ ಕಾಯಬಹುದು.

## ಹಂತ 1: ಹೆಸರು ಬಿಡಿ, ಅದು ಎಲ್ಲಿತ್ತು ಎಂದು ಹೇಳಿ

ಅವತ್ತು ಮಳಿಗೆಗೆ ಬಂದವರು ತುಮಕೂರು ಕಡೆಯ ಒಬ್ಬ ಹಿರಿಯರು. ಕೈಯಲ್ಲಿ ಏನೂ ಇರಲಿಲ್ಲ.

"ಬಿಳೀದು ಒಂದು ಪ್ಲಗ್ ಬೇಕಿತ್ತಪ್ಪಾ. ಚಿಕ್ಕದು. ಎರಡು ವೈರ್ ಬರುತ್ತಲ್ಲ, ಅದು."

ಇದಕ್ಕೆ ಹೊಂದುವ ವಸ್ತು ಆ ಮಳಿಗೆಯ ಡಬ್ಬಿಗಳಲ್ಲಿ ಹತ್ತಾರು ಇವೆ. ಯಜಮಾನರು ಒಂದನ್ನೂ ತೆಗೆಯಲಿಲ್ಲ.

"ಯಾವುದರದ್ದು ಸರ್?"

"ಭಜನೆ ಮಂಡಳಿ ಸ್ಪೀಕರು. ಮೈಕ್ ಹಾಕೋದು. ಇಲಿ ಕಡಿದುಬಿಟ್ಟಿದೆ."

"ಪ್ಲಗ್ಗು ಬೋರ್ಡಿಗೆ ಹೋಗಿ ಕೂತ್ಕೊಳ್ತಿತ್ತಾ, ಇಲ್ಲಾ ವೈರಿಗೆ ವೈರು ಮಧ್ಯದಲ್ಲಿ ಸೇರ್ತಿತ್ತಾ?"

"ಬೋರ್ಡಿಗೇ. ಬೋರ್ಡಲ್ಲಿ ಬಿಳಿ ಗೂಡು ಹಾಗೇ ಇದೆ. ಪ್ಲಗ್ಗು ಮಾತ್ರ ಇಲ್ಲ, ಕಸದ ಜೊತೆ ಗುಡಿಸಿಹಾಕಿದ್ದಾರೆ."

ಈ ಎರಡನೇ ಪ್ರಶ್ನೆಯೇ ಅರ್ಧ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿತು. ವೈರಿಗೆ ವೈರು ಸೇರುವ ಕನೆಕ್ಟರ್‌ಗಳ ಜಾತಿಯೇ ಬೇರೆ. ಎಲ್‌ಇಡಿ ಸ್ಟ್ರಿಪ್ಪಿನಲ್ಲಿ ಕಾಣುವ, ಮೇಲೆ ಒತ್ತುವ ಕೊಕ್ಕೆಯಿರುವ ಕಪ್ಪು ಎಸ್‌ಎಂ, ಆಟಿಕೆ ಹೆಲಿಕಾಪ್ಟರ್ ಬ್ಯಾಟರಿಯ ಕೆಂಪು ಆರ್‌ಸಿವೈ ಆ ಗುಂಪಿನವು. ಬೋರ್ಡಿನ ಮೇಲೆ ಗೂಡು ಇದ್ದು, ಪ್ಲಗ್ ಅದರೊಳಗೆ ಇಳಿಯುತ್ತದೆ ಎಂದಾದರೆ ಅವು ಯಾವುವೂ ಅಲ್ಲ.

ಜೆಎಸ್‌ಟಿ ಎಂಬುದು ಒಂದು ಕನೆಕ್ಟರ್ ಅಲ್ಲ, ಜಪಾನಿನ ಒಂದು ಕಂಪನಿಯ ಹೆಸರು. ಅದರ ಎಕ್ಸ್‌ಎಚ್, ಪಿಎಚ್, ಝಡ್‌ಎಚ್, ಎಸ್‌ಎಚ್ ಮುಂತಾದ ಸರಣಿಗಳು ಒಂದರೊಳಗೆ ಇನ್ನೊಂದು ಹೋಗುವುದಿಲ್ಲ. ನಮ್ಮ ಮಾರುಕಟ್ಟೆಗೆ ಬರುವ ಬಹಳಷ್ಟು ಮಾಲು ಬೇರೆಯವರು ಮಾಡಿದ ಅದೇ ಆಕಾರದ್ದು. ಹಾಗಾಗಿ "ಜೆಎಸ್‌ಟಿ ಕೊಡಿ" ಎಂಬ ಮಾತು ಅಂಗಡಿಯವರಿಗೆ ಏನನ್ನೂ ತಿಳಿಸುವುದಿಲ್ಲ.

## ಹಂತ 2: ಪಿನ್ ಎಣಿಸಿ, ವೈರನ್ನಲ್ಲ

"ಎರಡೇ ವೈರಾ ಸರ್? ಸರಿಯಾಗಿ ನೋಡಿದ್ದೀರಾ?"

"ಕೆಂಪು, ಕಪ್ಪು. ಎರಡೇ."

ಯಜಮಾನರು ಇದನ್ನು ಒಪ್ಪಲಿಲ್ಲ. ಮನೆಗೆ ಫೋನ್ ಮಾಡಿಸಿದರು. ಆ ಕಡೆ ಹಿರಿಯರ ಮೊಮ್ಮಗಳು.

"ಏನಮ್ಮಾ, ಬೋರ್ಡಲ್ಲಿರೋ ಬಿಳಿ ಗೂಡೊಳಗೆ ಟಾರ್ಚ್ ಬಿಟ್ಟು ನೋಡು. ಎಷ್ಟು ಕಡ್ಡಿ ನಿಂತಿದೆ?"

"ಮೂರು ಅಂಕಲ್."

"ಈಗ ಬ್ಯಾಟರಿ ಹತ್ರ ನೋಡು. ಕೆಂಪು ಕಪ್ಪು ಬಿಟ್ಟು ಇನ್ನೊಂದು ಸಣ್ಣ ವೈರಿನ ಮೋಟು ಇದೆಯಾ?"

ಇತ್ತು. ಬ್ಯಾಟರಿಗೆ ಸುತ್ತಿದ್ದ ನೀಲಿ ಹೊದಿಕೆಯ ಅಂಚಿನಲ್ಲಿ, ಒಂದು ಬೆರಳಗಲ ಉಳಿದಿದ್ದ ಬಿಳಿ ವೈರು. ಇಲಿ ಅದನ್ನು ಬುಡದ ಹತ್ತಿರವೇ ಕಡಿದಿದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಜನ ಬಣ್ಣ ನೆನಪಿಟ್ಟುಕೊಳ್ಳುತ್ತಾರೆ, ಎಣಿಕೆ ಮರೆಯುತ್ತಾರೆ. ವೈರು ಕಡಿದಿರಬಹುದು, ಎರಡು ವೈರು ಒಂದೇ ಸ್ಲೀವಿನಲ್ಲಿ ಹೋಗಿರಬಹುದು, ಒಂದು ಪಿನ್ನಿಗೆ ವೈರೇ ಇಲ್ಲದಿರಬಹುದು. ಗೂಡಿನೊಳಗಿನ ಪಿನ್ ಮಾತ್ರ ಸುಳ್ಳು ಹೇಳುವುದಿಲ್ಲ. ಬೋರ್ಡಿನ ಕಡೆಯ ಭಾಗ ಉಳಿದಿದ್ದರೆ ಯಾವಾಗಲೂ ಅದನ್ನೇ ಎಣಿಸಿ.

## ಹಂತ 3: ಪಿನ್ನಿಂದ ಪಿನ್ನಿಗೆ ಎಷ್ಟು ದೂರ?

ಇಡೀ ಕೆಲಸದ ತೀರ್ಮಾನ ಇರುವುದು ಇಲ್ಲಿ. ಒಂದು ಪಿನ್ನಿನ ನಡುವಿನಿಂದ ಪಕ್ಕದ ಪಿನ್ನಿನ ನಡುವಿಗೆ ಇರುವ ದೂರಕ್ಕೆ ಪಿಚ್ ಎನ್ನುತ್ತಾರೆ. ಮನೆಬಳಕೆಯ ಚಿಕ್ಕ ಸಾಧನಗಳಲ್ಲಿ ಹೆಚ್ಚಾಗಿ ಸಿಗುವುದು 2.5 ಮಿ.ಮೀ. (ಎಕ್ಸ್‌ಎಚ್) ಮತ್ತು 2.0 ಮಿ.ಮೀ. (ಪಿಎಚ್). ಇನ್ನೂ ಸಣ್ಣ ಸಾಧನಗಳಲ್ಲಿ 1.5, 1.25, 1.0 ಕೂಡ ಬರುತ್ತವೆ. ಎಕ್ಸ್‌ಎಚ್ ಮತ್ತು ಪಿಎಚ್ ನಡುವಿನ ವ್ಯತ್ಯಾಸ ಅರ್ಧ ಮಿಲಿಮೀಟರ್. ಕಣ್ಣಂದಾಜಿನಲ್ಲಿ ಎರಡೂ "ಚಿಕ್ಕ ಬಿಳೀದು".

ಆದ್ದರಿಂದ ಒಂದು ಸಂದನ್ನು ಅಳೆಯಬೇಡಿ. ಮೊದಲ ಪಿನ್ನಿನ ಎಡ ಅಂಚಿನಿಂದ ಕೊನೆಯ ಪಿನ್ನಿನ ಎಡ ಅಂಚಿನವರೆಗೆ ಅಳೆದು, ಪಿನ್ನುಗಳ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸಿ. ನಡುವಿನ ಬಿಂದು ಹುಡುಕುವುದು ಕಷ್ಟ, ಎಡ ಅಂಚಿನಿಂದ ಎಡ ಅಂಚಿಗೆ ಅಳೆದರೂ ಲೆಕ್ಕ ಅದೇ ಬರುತ್ತದೆ. ಹೆಚ್ಚು ಜನ ತಪ್ಪುವುದು ಭಾಗಿಸುವಾಗ: ಮೂರು ಪಿನ್ ಇದ್ದರೆ ಮೂರರಿಂದ ಭಾಗಿಸಿಬಿಡುತ್ತಾರೆ. ಮೂರು ಪಿನ್ನಿನ ನಡುವೆ ಇರುವುದು ಎರಡೇ ಸಂದು.

ಮೊಮ್ಮಗಳಿಗೆ ಯಜಮಾನರು ಹೇಳಿದ್ದು ಹೀಗೆ. ಜಾಮೆಟ್ರಿ ಬಾಕ್ಸಿನ ಸ್ಕೇಲನ್ನು ಗೂಡಿನ ಪಕ್ಕ ಇಡು. ಸ್ಕೇಲು ಕೆಳಗೆ, ಗೂಡು ಮೇಲೆ ಇರಬಾರದು. ಸ್ಕೇಲಿನ ಕೆಳಗೆ ರಟ್ಟು ಜೋಡಿಸಿ ಎರಡನ್ನೂ ಒಂದೇ ಎತ್ತರಕ್ಕೆ ತಾ. ಫೋನನ್ನು ನೇರವಾಗಿ ಮೇಲಿನಿಂದ, ಒಂದು ಅಡಿ ದೂರದಲ್ಲಿ ಹಿಡಿದು ಝೂಮ್ ಮಾಡಿ ತೆಗಿ.

ಹತ್ತಿರ ಹಿಡಿದು ತೆಗೆದ ಫೋಟೋದಲ್ಲಿ ಮೇಲಿರುವ ವಸ್ತು ದೊಡ್ಡದಾಗಿ, ಕೆಳಗಿರುವ ಸ್ಕೇಲು ಚಿಕ್ಕದಾಗಿ ಕಾಣುತ್ತದೆ. ಆಗ 4 ಮಿ.ಮೀ. ಇದ್ದದ್ದು ನಾಲ್ಕೂವರೆ ಎಂದು ಓದಿಸಿಕೊಳ್ಳುತ್ತದೆ. ಎರಡರಿಂದ ಭಾಗಿಸಿದರೆ 2.25, ಅತ್ತ 2.0 ಕೂಡ ಅಲ್ಲ, ಇತ್ತ 2.5 ಕೂಡ ಅಲ್ಲ. ಇಂಥ ನಡುವಿನ ಸಂಖ್ಯೆ ಬಂದರೆ ಹೊಸ ಬಗೆಯ ಕನೆಕ್ಟರ್ ಸಿಕ್ಕಿತು ಎಂದುಕೊಳ್ಳಬೇಡಿ, ಫೋಟೋ ಮತ್ತೆ ತೆಗೆಯಿರಿ.

ಮೊದಲ ಫೋಟೋ ಓರೆಯಾಗಿ ಬಂತು. ಎರಡನೆಯದರಲ್ಲಿ ಗೆರೆಗಳು ಸ್ಪಷ್ಟವಾಗಿದ್ದವು: ಮೊದಲ ಪಿನ್ನಿನಿಂದ ಮೂರನೆಯದಕ್ಕೆ 4 ಮಿ.ಮೀ. ಅಂದರೆ ಪಿಚ್ 2.0. ಎಕ್ಸ್‌ಎಚ್ ಆಗಿದ್ದರೆ 5 ಬರಬೇಕಿತ್ತು.

ಅಷ್ಟಕ್ಕೇ ನಿಲ್ಲಿಸದೆ ಅವರು ಗೂಡಿನ ಹೊರ ಅಗಲವನ್ನೂ ಓದಿದರು, ಸುಮಾರು 8 ಮಿ.ಮೀ. ಇದು ಒಳ್ಳೆಯ ಎರಡನೇ ಸಾಕ್ಷಿ. ಮೂರು ಪಿನ್ನಿನ ಪಿಎಚ್ ಗೂಡು ಸುಮಾರು 8 ಮಿ.ಮೀ. ಅಗಲ, ಎಕ್ಸ್‌ಎಚ್ ಸುಮಾರು 10. ಎರಡು ಪಿನ್ನಿನದ್ದಾದರೆ ಪಿಎಚ್ ಸುಮಾರು 6, ಎಕ್ಸ್‌ಎಚ್ ಸುಮಾರು ಏಳೂವರೆ. ಎರಡೇ ಪಿನ್ ಇದ್ದಾಗ ಅಳೆಯಲು ಒಂದೇ ಸಂದು ಸಿಗುವುದರಿಂದ, ಅಲ್ಲಿ ಹೊರ ಅಗಲವನ್ನೇ ಹೆಚ್ಚು ನಂಬಬೇಕು.

## ಹಂತ 4: ಗೂಡಿನ ಗೋಡೆ ನೋಡಿ

ಪಿಚ್ ಒಂದೇ ಇದ್ದರೂ ಆಕಾರ ಬೇರೆ ಇರಬಹುದು. ಇದಕ್ಕೆ ದೊಡ್ಡ ಉದಾಹರಣೆ 2.5ರ ಎಕ್ಸ್‌ಎಚ್ ಮತ್ತು ನಮ್ಮ ಅಂಗಡಿಗಳಲ್ಲಿ ರಿಲಿಮೇಟ್ ಅಥವಾ ಆರ್‌ಎಂಸಿ ಎಂದು ಕೇಳಿದರೆ ಸಿಗುವ 2.54ರ ಕನೆಕ್ಟರ್. ಹತ್ತು ಪಿನ್ ಇದ್ದರೆ ಮೊದಲಿನಿಂದ ಕೊನೆಗೆ ಒಂದರದ್ದು 22.5 ಮಿ.ಮೀ., ಇನ್ನೊಂದರದ್ದು 22.86. ಮೂರು ಪಿನ್ನಿನಲ್ಲಿ ಆ ವ್ಯತ್ಯಾಸವನ್ನು ಯಾವ ಸ್ಕೇಲೂ ತೋರಿಸಲಾರದು.

ಆದರೆ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ರಿಲಿಮೇಟಿನ ಬೋರ್ಡ್ ಭಾಗಕ್ಕೆ ಒಂದೇ ಕಡೆ ಗೋಡೆ, ಉಳಿದ ಕಡೆ ಪಿನ್ನುಗಳು ಬಯಲಾಗಿ ನಿಂತಿರುತ್ತವೆ. ಎಕ್ಸ್‌ಎಚ್‌ಗೆ ಸುತ್ತಲೂ ಗೋಡೆ ಇದ್ದು, ಉದ್ದ ಗೋಡೆಗಳಲ್ಲಿ ಒಂದಕ್ಕೆ ಎರಡು ಸೀಳು ಇರುತ್ತವೆ. ಪ್ಲಗ್ಗಿನ ಮೇಲಿನ ಎರಡು ಏಣುಗಳು ಆ ಸೀಳಿನಲ್ಲಿ ಇಳಿಯುತ್ತವೆ. ಪಿಎಚ್‌ಗೂ ಸುತ್ತ ಗೋಡೆ ಇದೆ, ಆದರೆ ಅದು ತೆಳು ಮತ್ತು ಗಿಡ್ಡ, ಒತ್ತುವ ಕೊಕ್ಕೆ ಇಲ್ಲ, ಬಿಗಿತದ ಮೇಲೇ ನಿಲ್ಲುತ್ತದೆ.

"ಕಿತ್ತಾಗ ಟಕ್ ಅಂತ ಕೊಕ್ಕೆ ಬಿಡಿಸಬೇಕಿತ್ತಾ, ಇಲ್ಲಾ ಎಳೆದರೆ ಬರ್ತಿತ್ತಾ?" ಎಂದು ಯಜಮಾನರು ಕೇಳಿದ್ದು ಇದಕ್ಕೇ. ಹಿರಿಯರಿಗೆ ಇದು ಚೆನ್ನಾಗಿ ನೆನಪಿತ್ತು: "ಎಳೆದ್ರೆ ಬರ್ತಿತ್ತಪ್ಪ. ಬಿಗಿ ಇತ್ತು ಅಷ್ಟೇ."

ಆಮೇಲೆ ಅವರು ಡಬ್ಬಿಯಿಂದ ಮೂರು ಪಿನ್ನಿನ ಪಿಎಚ್ ಗೂಡೊಂದನ್ನು ತೆಗೆದು, ಸ್ಕೇಲಿನ ಪಕ್ಕ ಅದೇ ಭಂಗಿಯಲ್ಲಿ ಇಟ್ಟು ಫೋಟೋ ತೆಗೆದು, ಮನೆಯಿಂದ ಬಂದ ಫೋಟೋದ ಪಕ್ಕ ಹಿಡಿದರು. ಪಿನ್ನು, ಗೋಡೆಯ ದಪ್ಪ, ಹೊರ ಅಗಲ, ಮೂರೂ ಕೂಡಿಬಂದವು. ಆಗಲೇ ಅವರು ಅದರ ಹೆಸರು ಹೇಳಿದ್ದು.

## ಹಂತ 5: ಏನು ಕೊಳ್ಳಬೇಕು

ಎರಡು ದಾರಿ ಇವೆ. ಖಾಲಿ ಹೌಸಿಂಗ್, ಅಂದರೆ ಪ್ಲಗ್ಗಿನ ಪ್ಲಾಸ್ಟಿಕ್ ಕವಚ, ಮತ್ತು ಅದರೊಳಗೆ ಕೂರುವ ಲೋಹದ ಬಿಡಿ ಟರ್ಮಿನಲ್ ಕೊಂಡು, ಟರ್ಮಿನಲ್ಲನ್ನು ವೈರಿಗೆ ಅದುಮಿ ಕ್ರಿಂಪ್ ಮಾಡುವುದು, ಅಥವಾ ವೈರು ಹಾಕಿ ಬರುವ ರೆಡಿಮೇಡ್ ಪ್ಲಗ್ ಕೊಂಡು ಇನ್ನೊಂದು ತುದಿಯನ್ನು ಬೆಸೆಯುವುದು. ಒಂದೇ ಸಾಧನ ರಿಪೇರಿ ಮಾಡುವವರಿಗೆ ಎರಡನೆಯದೇ ಸರಿ. ಪಿಎಚ್ ಟರ್ಮಿನಲ್ ಬಹಳ ಸಣ್ಣದು. ಅದಕ್ಕೆ ಹೊಂದುವ ಕ್ರಿಂಪಿಂಗ್ ಟೂಲ್ ಇಲ್ಲದೆ ಕಟಿಂಗ್ ಪ್ಲೇಯರಿನಿಂದ ಅದುಮಿದರೆ, ಹೊರಗೆ ಹಿಡಿದಂತೆ ಕಂಡರೂ ಒಳಗೆ ಸಡಿಲವಾಗಿರುತ್ತದೆ. ಸ್ಪೀಕರಿನ ಧ್ವನಿ ಏರಿಸಿದಾಗ ಆಫ್ ಆಗಿಬಿಡುವುದು ಇಂಥ ಕಡೆಯೇ.

ಅಂಗಡಿಯಲ್ಲಿ ಹೀಗೆ ಕೇಳಿ: "ಪಿಎಚ್, 2.0 ಪಿಚ್, 3 ಪಿನ್, ಫೀಮೇಲ್ ಹೌಸಿಂಗು, ವೈರ್ ಸಮೇತ." ಎಕ್ಸ್‌ಎಚ್ ಟರ್ಮಿನಲ್ ಪಿಎಚ್ ಹೌಸಿಂಗಿಗೆ ಹೋಗುವುದಿಲ್ಲ, ಹಾಗಾಗಿ ಬಿಡಿಯಾಗಿ ಕೊಳ್ಳುವವರು ಎರಡೂ ಒಂದೇ ಸರಣಿಯವೇ ಎಂದು ನೋಡಿಕೊಳ್ಳಬೇಕು. ಎರಡು ಸೆಟ್ ತಗೊಳ್ಳಿ. ಬೆಲೆ ಅಲ್ಪ, ಮತ್ತೆ ಬರುವ ಬಸ್ ಚಾರ್ಜು ಜಾಸ್ತಿ.

ಕರೆಂಟಿನ ಮಿತಿಯನ್ನೂ ಇಲ್ಲಿಯೇ ನೋಡಬೇಕು. ಪಿಎಚ್ ತಡೆಯುವುದು 2 ಆಂಪಿಯರ್, ಎಕ್ಸ್‌ಎಚ್ 3 ಆಂಪಿಯರ್, ಅದೂ ಆ ಸರಣಿಗೆ ಹೇಳಿದ ದಪ್ಪ ವೈರು ಹಾಕಿದಾಗ. ರೆಡಿಮೇಡ್ ಪ್ಲಗ್ಗಿನ ವೈರು ಬ್ಯಾಟರಿಯ ಹಳೆ ವೈರಿಗಿಂತ ತೆಳುವಾಗಿ ಕಂಡರೆ ಅದನ್ನು ಬಿಟ್ಟು ಬೇರೆ ಕೇಳಿ.

## ಹಂತ 6: ಬಣ್ಣ ನಂಬಬೇಡಿ, ಮೀಟರ್ ಹಿಡಿಯಿರಿ

ಕನೆಕ್ಟರ್ ಕೂತಿತು ಎಂದರೆ ಕೆಲಸ ಮುಗಿಯಿತು ಎಂದುಕೊಂಡವರ ಬೋರ್ಡುಗಳೇ ಹೆಚ್ಚು ಸುಡುವುದು. ಯಾವ ಪಿನ್ನಿಗೆ ಪ್ಲಸ್ ಬರಬೇಕು ಎಂಬುದನ್ನು ಕನೆಕ್ಟರ್ ಮಾಡಿದವರು ನಿಗದಿ ಮಾಡಿಲ್ಲ, ಸಾಧನ ಮಾಡಿದವರು ತಮಗೆ ಬೇಕಾದಂತೆ ಇಟ್ಟಿರುತ್ತಾರೆ. ರೆಡಿಮೇಡ್ ಪ್ಲಗ್ಗಿನ ಕೆಂಪು ವೈರು ನಿಮ್ಮ ಬೋರ್ಡಿನ ಮೈನಸ್ ಪಿನ್ನಿನ ಮೇಲೆ ಬಂದು ಕೂರಬಹುದು.

ಮೊದಲು ಬೋರ್ಡ್ ಓದಿ. ಮೊಮ್ಮಗಳ ಫೋಟೋದಲ್ಲಿ ಗೂಡಿನ ಪಕ್ಕ ಸಣ್ಣ ಅಕ್ಷರಗಳಿದ್ದವು: ಒಂದು ತುದಿಗೆ ಬಿ ಪ್ಲಸ್, ನಡುವೆ ಟಿ, ಇನ್ನೊಂದು ತುದಿಗೆ ಬಿ ಮೈನಸ್. ಯಜಮಾನರು ತೆಗೆದಿಟ್ಟ ಪ್ಲಗ್ಗನ್ನು ಅದೇ ದಿಕ್ಕಿನಲ್ಲಿ ಹಿಡಿದು ನೋಡಿದರೆ ಕೆಂಪು ವೈರು ಬಿ ಮೈನಸ್ ಕಡೆಗಿತ್ತು. ಅವರು ಸೂಜಿ ತೆಗೆದುಕೊಂಡು, ಹೌಸಿಂಗಿನ ಕಿಟಕಿಯಲ್ಲಿ ಕಾಣುವ ಟರ್ಮಿನಲ್ಲಿನ ಹಿಡಿತವನ್ನು ಮೆಲ್ಲಗೆ ಬಿಡಿಸಿ, ವೈರನ್ನು ಹಿಂದಕ್ಕೆ ಎಳೆದರು. ಕಪ್ಪನ್ನೂ ಹಾಗೇ. ಎರಡನ್ನೂ ಜಾಗ ಬದಲಿಸಿ ಒಳಗೆ ತಳ್ಳಿ, ಪ್ರತಿಯೊಂದನ್ನೂ ಹಗುರವಾಗಿ ಎಳೆದು ನೋಡಿದರು. ಬರಲಿಲ್ಲ, ಅಂದರೆ ಹಿಡಿತ ಕೂತಿದೆ.

ನಡುವಿನ ಟಿ ವೈರಿನ ಬಗ್ಗೆ ಎಚ್ಚರ ಬೇಕು. ಮೂರನೇ ವೈರು ಸಾಮಾನ್ಯವಾಗಿ ಎರಡರಲ್ಲಿ ಒಂದು. ಬ್ಯಾಟರಿಯ ಬಿಸಿ ಅಳೆಯುವ ಥರ್ಮಿಸ್ಟರಿನದ್ದಾಗಿರಬಹುದು, ಅಥವಾ ಎರಡು ಸೆಲ್ ಸಾಲಾಗಿ ಜೋಡಿಸಿದ ಪ್ಯಾಕಿನಲ್ಲಿ ಸೆಲ್‌ಗಳ ನಡುವಿನಿಂದ ಬಂದ ವೈರಾಗಿರಬಹುದು. ಇವನ್ನು ಅದಲು ಬದಲು ಮಾಡುವಂತಿಲ್ಲ. ಗುರುತಿಸುವ ಬಗೆ ಇದು: ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಮೊದಲು ಕೆಂಪು–ಕಪ್ಪು ನಡುವೆ, ಆಮೇಲೆ ಮೂರನೆಯದು–ಕಪ್ಪು ನಡುವೆ ಅಳೆಯಿರಿ. ಕೆಂಪಿಗೆ 7.4ರ ಆಸುಪಾಸು, ಮೂರನೆಯದಕ್ಕೆ ಅದರ ಅರ್ಧ ಬಂದರೆ ಅದು ಎರಡು ಸೆಲ್ ಪ್ಯಾಕ್. ಕೆಂಪಿಗೆ 3.7ರ ಆಸುಪಾಸು, ಮೂರನೆಯದಕ್ಕೆ ಏನೂ ಬರದಿದ್ದರೆ ಥರ್ಮಿಸ್ಟರ್ ಇರಬಹುದು.

ವೋಲ್ಟೇಜ್ ಇಲ್ಲ ಎಂದು ಖಚಿತವಾದ ಮೇಲೆ ಮಾತ್ರ ಮೀಟರನ್ನು ಓಮ್ಸ್ ಕಡೆ ತಿರುಗಿಸಿ. ವೋಲ್ಟೇಜ್ ಇರುವ ಕಡೆ ಓಮ್ಸ್ ಅಳೆದರೆ ಓದುವ ಸಂಖ್ಯೆ ಸುಳ್ಳಾಗುತ್ತದೆ, ಮೀಟರೂ ಕೆಡಬಹುದು. ಇಂಥ ಪ್ಯಾಕುಗಳಲ್ಲಿ ಹೆಚ್ಚಾಗಿ ಬಳಸುವ ಥರ್ಮಿಸ್ಟರ್ 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸುತ್ತದೆ. ಅದು ಕೂತಿರುವ ಜಾಗಕ್ಕೆ ಬೆರಳು ಒತ್ತಿ ಹಿಡಿದರೆ ಮೈಬಿಸಿಗೆ ಸಂಖ್ಯೆ ನಿಧಾನವಾಗಿ ಇಳಿಯುತ್ತದೆ. ಇಳಿಯಿತೆಂದರೆ ಅದು ಥರ್ಮಿಸ್ಟರೇ. ಈ ವೈರನ್ನು ಜೋಡಿಸದೆ ಬಿಟ್ಟರೆ ಅನೇಕ ಬೋರ್ಡುಗಳು ಚಾರ್ಜ್ ಮಾಡಲು ಒಪ್ಪುವುದೇ ಇಲ್ಲ. ಎರಡೇ ಪಿನ್ನಿನ ಪ್ಲಗ್ ತಂದಿದ್ದರೆ ಆ ಸ್ಪೀಕರು ಹಾಗೇ ಮೂಲೆ ಸೇರುತ್ತಿತ್ತು.

ಮೀಟರಿನ ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ ಎಂದು ನೀವು ಭಾವಿಸಿ ಹಿಡಿದಾಗ ಸಂಖ್ಯೆಯ ಮುಂದೆ ಮೈನಸ್ ಗೆರೆ ಬಂದರೆ, ಧ್ರುವ ತಿರುಗಿದೆ ಎಂದರ್ಥ. ಬೋರ್ಡಿನ ಮೇಲೆ ಅಕ್ಷರವೇ ಇಲ್ಲದಿದ್ದರೆ ಊಹಿಸಿ ಹಾಕಬೇಡಿ, ಬೋರ್ಡ್ ಸಮೇತ ಅಂಗಡಿಗೆ ತನ್ನಿ.

## ಹಂತ 7: ಬೆಸೆಯುವುದು

ಪ್ಲಗ್ಗನ್ನು ಬೋರ್ಡಿಗೆ ಹಾಕದೆ ಬೆಸೆಯಬೇಕು. ಒಂದು ಸಲಕ್ಕೆ ಒಂದೇ ವೈರಿನ ಟೇಪು ಬಿಚ್ಚಿ. ಮೂರೂ ವೈರನ್ನು ಒಟ್ಟಿಗೆ ಹಿಡಿದು ಕಟ್ಟರಿನಿಂದ ಕತ್ತರಿಸಿದರೆ, ಕಟ್ಟರಿನ ಲೋಹವೇ ಪ್ಲಸ್ ಮೈನಸ್ಸನ್ನು ಸೇರಿಸಿ ಶಾರ್ಟ್ ಮಾಡುತ್ತದೆ. ಬೆಸೆಯುವ ಮೊದಲೇ ಸ್ಲೀವ್ ತೂರಿಸಿಟ್ಟುಕೊಳ್ಳಿ. ಮೂರು ಬೆಸುಗೆಗಳು ಒಂದೇ ಸಾಲಿಗೆ ಬಾರದ ಹಾಗೆ ವೈರುಗಳನ್ನು ಮುಂದೆ ಹಿಂದೆ ಕತ್ತರಿಸಿ. ಬ್ಯಾಟರಿಯ ಸೆಲ್ಲಿಗೆ ನೇರವಾಗಿ ಐರನ್ ತಾಗಿಸಲೇಬೇಡಿ. ವೈರಿನ ಮೋಟು ತೀರಾ ಚಿಕ್ಕದಾಗಿದ್ದರೆ ರಿಪೇರಿಯವರಿಗೆ ಕೊಡುವುದು ಒಳಿತು.

ಬೆಸೆದಾದ ಮೇಲೆ ಪ್ಲಗ್ಗಿನ ತುದಿಯಲ್ಲೇ ಮತ್ತೊಮ್ಮೆ ವೋಲ್ಟೇಜ್ ಅಳೆದು, ಬೋರ್ಡಿನ ಅಕ್ಷರಗಳ ಜೊತೆ ತಾಳೆ ನೋಡಿ, ಆಮೇಲೆ ಕೂರಿಸಿ.

## ನಿಲ್ಲಿಸಬೇಕಾದ ಸೂಚನೆಗಳು

ಪ್ಲಗ್ ಒಳಗೆ ಹೋಗಲು ಬಲ ಕೇಳುತ್ತಿದ್ದರೆ ಅದು ಬೇರೆ ಸರಣಿಯದ್ದು, ಅಥವಾ ತಿರುಗಿಸಿ ಹಿಡಿದಿದ್ದೀರಿ. ತುದಿ ಕೆರೆದು, ಅಂಚು ಕತ್ತರಿಸಿ ಒಳಗೆ ತುರುಕಬೇಡಿ. ದಿಕ್ಕು ತಪ್ಪದಂತೆ ತಡೆಯುವ ಏಣೇ ಹೋಗಿಬಿಡುತ್ತದೆ.

ಸುಲಭವಾಗಿ ಇಳಿದು ಅಲುಗಾಡುತ್ತಿದ್ದರೂ ತಪ್ಪೇ. ಸ್ವಲ್ಪ ಹೊತ್ತು ಓಡಿಸಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬಿಸಿ ಇದ್ದರೆ ಸಂಪರ್ಕ ಸಡಿಲ. ಬಿಳಿ ಪ್ಲಾಸ್ಟಿಕ್ಕು ಪಿನ್ನಿನ ಸುತ್ತ ಕಂದುಬಣ್ಣಕ್ಕೆ ತಿರುಗಿದ್ದರೆ ಆ ಬಿಸಿ ಬಹಳ ದಿನದಿಂದ ಇದೆ, ಆಗ ಬೋರ್ಡಿನ ಗೂಡನ್ನೂ ಬದಲಿಸಬೇಕು.

ಒಂದು ಸೆಲ್ಲಿನ ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. 2.5ಕ್ಕಿಂತ ಕೆಳಗೆ ಇಳಿದಿದ್ದರೆ, ಉಬ್ಬಿದ್ದರೆ ಅಥವಾ ಸಿಹಿ ವಾಸನೆ ಬರುತ್ತಿದ್ದರೆ ಕನೆಕ್ಟರಿನ ಮಾತೇ ಬೇಡ, ಬ್ಯಾಟರಿಯನ್ನೇ ಬದಲಿಸಿ. ಇಲಿ ಕಡಿದ ವೈರುಗಳು ಒಂದಕ್ಕೊಂದು ತಾಗಿ ಸೆಲ್ಲು ಖಾಲಿಯಾಗಿರುವ ಸಾಧ್ಯತೆ ಇರುವುದರಿಂದ, ಯಜಮಾನರು ಹಿರಿಯರ ಕೈಗೆ ಪ್ಲಗ್ ಕೊಡುತ್ತಾ ಹೇಳಿದ್ದೂ ಇದನ್ನೇ: "ಮೊದಲು ಬ್ಯಾಟರಿ ಅಳೆಸಿ ಸರ್. ಮೂರಕ್ಕಿಂತ ಮೇಲಿದ್ರೆ ಬೆಸೀರಿ. ಎರಡೂವರೆಗಿಂತ ಕೆಳಗಿದ್ರೆ ಪ್ಲಗ್ ಹಾಗೇ ವಾಪಸ್ ತನ್ನಿ, ಹೊಸ ಬ್ಯಾಟರಿಗೇ ಹಾಕಿಕೊಡ್ತೀನಿ."